ಒಂದೇ ಪುಟ, ಮೂರು ಬಟನ್‌ಗಳು: ಹೀಟ್‌ಮ್ಯಾಪ್‌ನ ಕೆಂಪನ್ನು ಎಷ್ಟು ನಂಬಬಹುದು?

ಆನ್‌ಲೈನ್ ತರಬೇತಿಯೊಂದರ ಪುಟದಲ್ಲಿ ‘ನೋಂದಾಯಿಸಿ’ ಎಂಬ ಬಟನ್ ಮೂರು ಕಡೆ ಇತ್ತು. ಮೊದಲನೆಯದು ಪುಟದ ಮೇಲ್ತುದಿಯ ಬಲಮೂಲೆಯಲ್ಲಿ, ಮೆನು ಐಕಾನ್‌ನ ಪಕ್ಕದಲ್ಲಿ. ಎರಡನೆಯದು ತರಬೇತಿಯ ಕಿರುಪರಿಚಯದ ಕೆಳಗೆ. ಮೂರನೆಯದು ಇನ್ನೂ ಬಹಳ ಕೆಳಗೆ, ಶುಲ್ಕದ ಪಟ್ಟಿ ಮುಗಿಯುವಲ್ಲಿ. ಇವುಗಳಲ್ಲಿ ಯಾವ ಜಾಗ ಉತ್ತಮವೆಂದು, ಪುಟದ ಯಾವ ಜಾಗದಲ್ಲಿ ಎಷ್ಟು ಕ್ಲಿಕ್ ಬಿತ್ತೆಂದು ಬಣ್ಣಗಳಲ್ಲಿ ತೋರಿಸುವ ಕ್ಲಿಕ್ ಹೀಟ್‌ಮ್ಯಾಪ್‌ನ ಸ್ಕ್ರೀನ್‌ಶಾಟ್ ನೋಡಿ ಹೇಳಬೇಕಾಗಿತ್ತು. ಚಿತ್ರದಲ್ಲಿ ಬಲಮೂಲೆ ಕಡುಗೆಂಪಾಗಿತ್ತು, ಪರಿಚಯದ ಕೆಳಗಿನ ಬಟನ್ ಹಳದಿ, ಶುಲ್ಕದ ಕೆಳಗಿನದು ತಿಳಿನೀಲಿ. ಬಣ್ಣವನ್ನೇ ನಂಬುವುದಾದರೆ ಮೇಲಿನದನ್ನು ಉಳಿಸಿ ಉಳಿದೆರಡನ್ನು ತೆಗೆಯಬೇಕಾಗುತ್ತಿತ್ತು.

ಆದರೆ ಹೀಟ್‌ಮ್ಯಾಪ್‌ನ ಕೆಂಪು ಒಂದು ನಿಶ್ಚಿತ ಸಂಖ್ಯೆಯಲ್ಲ. ಆ ಚಿತ್ರದಲ್ಲಿ ಅತಿ ಹೆಚ್ಚು ಕ್ಲಿಕ್ ಬಿದ್ದ ಜಾಗಕ್ಕೆ ಕೆಂಪು ಬಳಿದು, ಉಳಿದ ಜಾಗಗಳಿಗೆ ಅದಕ್ಕೆ ಹೋಲಿಸಿ ಬಣ್ಣ ಕೊಡುವುದು ಸಾಮಾನ್ಯ ಕ್ರಮ. ಅಲ್ಲದೆ, ಪ್ರತಿ ಕ್ಲಿಕ್ಕೂ ಚುಕ್ಕಿಯಾಗಿ ಉಳಿಯದೆ ಸುತ್ತಲೂ ಹರಡಿದ ವೃತ್ತವಾಗಿ ಮೂಡುವುದರಿಂದ, ಅಕ್ಕಪಕ್ಕದ ಎರಡು ವಸ್ತುಗಳ ಬಣ್ಣ ಒಂದರೊಳಗೊಂದು ಬೆರೆತುಹೋಗುತ್ತದೆ. ಬಲಮೂಲೆಯನ್ನು ಹಿಗ್ಗಿಸಿ ನೋಡಿದಾಗ ಇದು ಕಣ್ಣಿಗೇ ಕಂಡಿತು: ಕೆಂಪಿನ ನಡುಬಿಂದು ಬಟನ್ ಮೇಲಿರಲಿಲ್ಲ, ಅದರ ಪಕ್ಕದ ಮೂರು ಗೆರೆಗಳ ಮೆನು ಐಕಾನ್ ಮೇಲಿತ್ತು. ಬಟನ್‌ನ ಮೇಲಿದ್ದ ಕೆಂಪಿನಲ್ಲಿ ಒಂದು ಪಾಲು ಮೆನುವಿನಿಂದ ಚೆಲ್ಲಿ ಬಂದದ್ದು. ಡೆಸ್ಕ್‌ಟಾಪ್‌ನಲ್ಲಿ ಮೆನು ಬೇರೆಡೆ ಇರುವುದರಿಂದ ಅಲ್ಲಿನ ಕ್ಲಿಕ್‌ಗಳನ್ನು ಮೊಬೈಲ್‌ನವುಗಳ ಜೊತೆ ಸೇರಿಸಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಹಾಗಾಗಿ ಇಲ್ಲಿಂದ ಮುಂದಿನ ಮಾತೆಲ್ಲ ಮೊಬೈಲ್ ಚಿತ್ರದ ಬಗ್ಗೆ ಮಾತ್ರ.

ಬಣ್ಣವನ್ನು ಬದಿಗಿಟ್ಟು, ಪ್ರತಿ ಬಟನ್‌ನ ಕ್ಲಿಕ್‌ಗಳನ್ನು ಬೇರೆಬೇರೆಯಾಗಿ ಎಣಿಸಲು ಮೂರೂ ಕೊಂಡಿಗಳಿಗೆ ಗುರುತು ಹಚ್ಚಿದೆ.

```
/register?b=header
/register?b=intro
/register?b=fee
```

ಫಾರ್ಮ್ ಪುಟವು ಈ ಗುರುತನ್ನು ಹಿಡಿದಿಟ್ಟುಕೊಂಡರೆ ಕ್ಲಿಕ್ ಮಾಡಿದವರಲ್ಲಿ ಎಷ್ಟು ಮಂದಿ ಫಾರ್ಮ್ ತುಂಬಿ ಕಳುಹಿಸಿದರು ಎಂಬುದೂ ಸಿಗುತ್ತದೆ. ಒಬ್ಬರೇ ಎರಡು ಮೂರು ಬಾರಿ ಒತ್ತಿದ್ದನ್ನು ಒಂದೆಂದೇ ಎಣಿಸಬೇಕು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಸರಿಹೊಂದಿಸಿ ಹೇಳುವುದಾದರೆ, 2,000 ಭೇಟಿಗಳಲ್ಲಿ ಮೇಲಿನ ಬಟನ್‌ಗೆ 120, ಪರಿಚಯದ ಕೆಳಗಿನದಕ್ಕೆ 90, ಶುಲ್ಕದ ಕೆಳಗಿನದಕ್ಕೆ 60 ಕ್ಲಿಕ್‌ಗಳು ಬಿದ್ದಿದ್ದವು. ಮೆನುವಿನ ಪಾಲನ್ನು ಕಳೆದ ಮೇಲೂ ಮೇಲಿನದೇ ಮುಂದಿತ್ತು.

ಇಲ್ಲಿ, ಪುಟದಲ್ಲಿ ಎಷ್ಟು ಮಂದಿ ಎಲ್ಲಿಯವರೆಗೆ ಇಳಿದರೆಂದು ತೋರಿಸುವ ಸ್ಕ್ರಾಲ್ ಮ್ಯಾಪ್ ಅನ್ನು ಪಕ್ಕದಲ್ಲಿಟ್ಟುಕೊಳ್ಳದೆ ಮುಂದುವರಿಯಬಾರದು. ಮೇಲಿನ ಬಟನ್ 2,000 ಮಂದಿಯ ಕಣ್ಣಿಗೂ ಬಿದ್ದಿರುತ್ತದೆ, ಪರಿಚಯದ ತನಕ ಸುಮಾರು 1,800 ಮಂದಿ ಇಳಿದಿದ್ದರು, ಶುಲ್ಕದ ಪಟ್ಟಿಯನ್ನು ಮುಟ್ಟಿದವರು 500 ಮಂದಿ ಮಾತ್ರ. ಕಂಡವರ ಪೈಕಿ ಒತ್ತಿದವರು ಎಷ್ಟು ಎಂದು ನೋಡಿದರೆ ಕ್ರಮವಾಗಿ ನೂರಕ್ಕೆ 6, 5 ಮತ್ತು 12. ಚಿತ್ರದಲ್ಲಿ ತಣ್ಣಗೆ ಕಂಡ ತಿಳಿನೀಲಿ ಬಟನ್, ತನ್ನನ್ನು ಕಂಡವರಿಂದ ಉಳಿದೆರಡಕ್ಕಿಂತ ದುಪ್ಪಟ್ಟು ಅಥವಾ ಅದಕ್ಕೂ ಹೆಚ್ಚು ಸ್ಪಂದನೆ ಪಡೆದಿತ್ತು. ಆದರೆ ಇದರಿಂದ ಕೆಳಗಿನ ಜಾಗವೇ ಶ್ರೇಷ್ಠವೆಂದು ಘೋಷಿಸುವುದು ಮತ್ತೊಂದು ಬಗೆಯ ಅವಸರ. ಅಷ್ಟು ಕೆಳಗಿನವರೆಗೆ ಓದಿಕೊಂಡು ಬಂದವರು ಮೊದಲೇ ಆಸಕ್ತಿ ಇದ್ದವರು. ಆ 12ರಲ್ಲಿ ಜಾಗದ ಗುಣವೆಷ್ಟು, ಓದುಗರ ಆಸಕ್ತಿಯೆಷ್ಟು ಎಂಬುದನ್ನು ಈ ಭಾಗಾಕಾರ ಹೇಳುವುದಿಲ್ಲ.

ಫಾರ್ಮ್ ಕಳುಹಿಸಿದವರ ಲೆಕ್ಕ ಇನ್ನಷ್ಟು ಸ್ಪಷ್ಟವಾಗಿತ್ತು. ಮೇಲಿನ ಬಟನ್‌ನಿಂದ 12, ಪರಿಚಯದಿಂದ 27, ಶುಲ್ಕದ ಕೆಳಗಿನಿಂದ 30. ಮೇಲಿನದನ್ನು ಒತ್ತಿದ ಹತ್ತರಲ್ಲಿ ಒಂಬತ್ತು ಮಂದಿ ಫಾರ್ಮ್ ತುಂಬದೆ ಹೊರಟಿದ್ದರು. ಕೆಲವರ ಭೇಟಿಯ ರೆಕಾರ್ಡಿಂಗ್ ನೋಡಿದಾಗ ಕಾರಣ ಊಹಿಸುವುದು ಕಷ್ಟವಾಗಲಿಲ್ಲ: ಅವರು ಫಾರ್ಮ್ ತೆರೆದು, ಒಂದಕ್ಷರವನ್ನೂ ಬರೆಯದೆ ಹಿಂದಿರುಗಿ, ನೇರವಾಗಿ ಶುಲ್ಕದ ಪಟ್ಟಿಗೆ ಇಳಿಯುತ್ತಿದ್ದರು. ಶುಲ್ಕವೆಷ್ಟೆಂದು ತಿಳಿಯಲು ಅವರು ನೋಂದಣಿಯ ಬಾಗಿಲನ್ನು ತಟ್ಟಿದ್ದರೇ ಹೊರತು ನೋಂದಾಯಿಸಿಕೊಳ್ಳಲು ಅಲ್ಲ. ಹೀಟ್‌ಮ್ಯಾಪ್‌ನಲ್ಲೂ ಇದಕ್ಕೆ ಒಂದು ಸುಳಿವಿತ್ತು. ಶುಲ್ಕದ ಪಟ್ಟಿಯಲ್ಲಿ ಮೊತ್ತ ಬರೆದಿದ್ದ ಚೌಕದ ಮೇಲೆ, ಅದು ಕೊಂಡಿಯೇ ಅಲ್ಲದಿದ್ದರೂ, ಒಂದು ಸಣ್ಣ ಹಸಿರು ಕಲೆ ಮೂಡಿತ್ತು. ಜನ ಆ ಮೊತ್ತವನ್ನು ಒತ್ತಿ ಇನ್ನಷ್ಟು ವಿವರ ತೆರೆದೀತೆಂದು ನಿರೀಕ್ಷಿಸುತ್ತಿದ್ದರು.

ಇನ್ನು 27 ಮತ್ತು 30ರ ನಡುವಿನ ಅಂತರಕ್ಕೆ ಬೆಲೆ ಕೊಡಬಾರದು. ಇಂತಹ ಎರಡು ಎಣಿಕೆಗಳನ್ನು ಹೋಲಿಸುವಾಗ ಅವುಗಳ ಮೊತ್ತದ ವರ್ಗಮೂಲವನ್ನು ಒಂದು ಒರಟು ಅಳತೆಯಾಗಿ ಇಟ್ಟುಕೊಳ್ಳುತ್ತೇನೆ: 57ರ ವರ್ಗಮೂಲ ಏಳೂವರೆ, ಅಂತರ ಬರೀ 3, ಅದು ಆಕಸ್ಮಿಕವಾಗಿ ಬರಬಹುದಾದ ಏರುಪೇರಿನೊಳಗೇ ಇದೆ. 12 ಮತ್ತು 27ರ ಅಂತರವಾದರೋ 15, ಅಲ್ಲಿ ಅಳತೆ 6ಕ್ಕಿಂತ ಸ್ವಲ್ಪವೇ ಹೆಚ್ಚು. ಅದು ಅಳತೆಯ ಎರಡು ಪಟ್ಟನ್ನು ದಾಟುವುದರಿಂದ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು. ಹೀಗಾಗಿ ಈ ಹಂತದಲ್ಲಿ ಖಚಿತವಾಗಿ ಹೇಳಬಹುದಾಗಿದ್ದದ್ದು ಒಂದೇ: ಚಿತ್ರದಲ್ಲಿ ಗೆದ್ದಂತೆ ಕಂಡ ಬಲಮೂಲೆಯೇ ಮೂರರಲ್ಲಿ ದುರ್ಬಲ.

ಉಳಿದ ಎರಡರ ಜಗಳವನ್ನು ಒಂದೇ ಪುಟದ ಒಂದೇ ಚಿತ್ರ ಬಗೆಹರಿಸಲಾರದು, ಏಕೆಂದರೆ ಒಂದು ಬಟನ್ ಇರುವುದರಿಂದಲೇ ಇನ್ನೊಂದರ ಕ್ಲಿಕ್‌ಗಳು ಕಡಿಮೆಯಾಗುತ್ತವೆ. ಆದ್ದರಿಂದ ಪರಿಚಯದ ಕೆಳಗೆ ಮಾತ್ರ ಬಟನ್ ಇರುವ ಪುಟ, ಶುಲ್ಕದ ಕೆಳಗೆ ಮಾತ್ರ ಇರುವ ಪುಟ, ಎರಡೂ ಇರುವ ಪುಟ ಎಂದು ಮೂರು ರೂಪ ಮಾಡಿ, ಬಂದವರನ್ನು ಗೊತ್ತುಗುರಿಯಿಲ್ಲದೆ ಹಂಚಿ, ಇಡೀ ಪುಟದಿಂದ ಬಂದ ಫಾರ್ಮ್‌ಗಳನ್ನಷ್ಟೇ ಎಣಿಸಿದೆ. ಪರಿಚಯದ ಬಟನ್ ಒಂದೇ ಇದ್ದಾಗ ಕ್ಲಿಕ್ ಹೆಚ್ಚಿತು, ಅರ್ಧಕ್ಕೆ ಬಿಟ್ಟ ಫಾರ್ಮ್‌ಗಳೂ ಹೆಚ್ಚಿದವು. ಶುಲ್ಕದ ಕೆಳಗೆ ಮಾತ್ರ ಇದ್ದಾಗ ಬಂದ ಫಾರ್ಮ್‌ಗಳಲ್ಲಿ ಪೂರ್ಣವಾದವು ಹೆಚ್ಚು, ಆದರೆ ಹಿಂದೊಮ್ಮೆ ಪುಟ ನೋಡಿ, ನಿರ್ಧರಿಸಿಕೊಂಡು ಮರಳಿ ಬಂದವರಿಗೆ ಅಷ್ಟು ದೂರ ಇಳಿಯುವ ಕೆಲಸ ಅನಗತ್ಯವಾಗಿ ಬಿತ್ತು. ಎರಡೂ ಇದ್ದ ರೂಪವೇ ಮುಂದೆ ನಿಂತಿತು. ಪರಿಚಯದ ಬಟನ್‌ನ ಪಕ್ಕದಲ್ಲೇ ಶುಲ್ಕದ ಮೊತ್ತವನ್ನು ಒಂದು ಸಾಲಿನಲ್ಲಿ ಬರೆದ ಮೇಲೆ ಫಾರ್ಮ್ ತೆರೆದು ಹಿಂದಿರುಗುವವರೂ ಕಡಿಮೆಯಾದರು.

ಸ್ಕ್ರಾಲ್ ಮಾಡಿದರೂ ಪರದೆಯ ಬುಡದಲ್ಲಿ ಅಂಟಿಕೊಂಡೇ ಇರುವ ಬಟನ್ ಅನ್ನೂ ಪ್ರಯತ್ನಿಸಿದ್ದೆ. ಹೀಟ್‌ಮ್ಯಾಪ್ ನೋಡಿ ತೀರ್ಪು ಕೊಡಲು ಇದರಷ್ಟು ತೊಡಕಿನದು ಬೇರೊಂದಿಲ್ಲ. ಉಪಕರಣವು ಕ್ಲಿಕ್ ಅನ್ನು ಪುಟದ ಎತ್ತರಕ್ಕೆ ತಕ್ಕಂತೆ ದಾಖಲಿಸಿದರೆ ಆ ಒಂದೇ ಬಟನ್‌ನ ಕ್ಲಿಕ್‌ಗಳು ಪುಟದುದ್ದಕ್ಕೂ ತೆಳುವಾಗಿ ಚದುರಿ, ಏನೂ ಇಲ್ಲದ ಪ್ಯಾರಾಗಳ ಮೇಲೆ ಬಣ್ಣ ಕಾಣಿಸುತ್ತದೆ. ಬಟನ್‌ಗೇ ಕಟ್ಟಿ ದಾಖಲಿಸಿದರೆ ಎಲ್ಲವೂ ಸ್ಕ್ರೀನ್‌ಶಾಟ್‌ನಲ್ಲಿ ಅದು ನಿಂತಿರುವ ಒಂದೇ ಜಾಗದಲ್ಲಿ ರಾಶಿಯಾಗಿ, ಉಳಿದವನ್ನೆಲ್ಲ ಮಂಕಾಗಿಸುತ್ತದೆ. ನನ್ನ ಪುಟದಲ್ಲಿ ಇದು ಅತಿ ಹೆಚ್ಚು ಕ್ಲಿಕ್ ತಂದರೂ ಫಾರ್ಮ್‌ಗಳ ಸಂಖ್ಯೆಯನ್ನು ಗಮನಾರ್ಹವಾಗಿ ಏರಿಸಲಿಲ್ಲ, ಸಣ್ಣ ಪರದೆಗಳಲ್ಲಿ ಶುಲ್ಕದ ಪಟ್ಟಿಯ ಕೊನೆಯ ಸಾಲನ್ನು ಮುಚ್ಚುತ್ತಿತ್ತು; ತೆಗೆದುಹಾಕಿದೆ. ಪರಿಚಯದ ಕೆಳಗೊಂದು, ಶುಲ್ಕದ ಕೆಳಗೊಂದು ಎಂಬ ಜೋಡಿ ಮೊಬೈಲ್‌ನಲ್ಲಿ ಉಳಿದಿದೆ. ಡೆಸ್ಕ್‌ಟಾಪ್‌ನಲ್ಲಿ ಮೇಲಿನ ಬಟನ್ ಮೆನುವಿನಿಂದ ದೂರವಿರುವುದರಿಂದ ಅದರ ಕ್ಲಿಕ್‌ಗಳು ಅಷ್ಟು ಪೊಳ್ಳಲ್ಲ. ಅಲ್ಲಿ ಅದನ್ನು ಸದ್ಯಕ್ಕೆ ಇಟ್ಟುಕೊಂಡು, ಅದರ ಲೆಕ್ಕವನ್ನು ಬೇರೆಯಾಗಿಯೇ ನೋಡುತ್ತಿದ್ದೇನೆ.