ಹೆರಿಗೆ ದಿನ: ಮುಟ್ಟಿನ ಲೆಕ್ಕವೋ, ಮೊದಲ ಸ್ಕ್ಯಾನೋ?

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 40 ವಾರ, ಅಂದರೆ 280 ದಿನ ಸೇರಿಸಿದರೆ ಹೆರಿಗೆ ದಿನ ಸಿಗುತ್ತದೆ. 2025ರ ಜನವರಿ 1ಕ್ಕೆ ಮುಟ್ಟಾಗಿದ್ದರೆ ಅಕ್ಟೋಬರ್ 8. ಕ್ಯಾಲೆಂಡರ್ ಒಂದಿದ್ದರೆ ಸಾಕು. ಆದರೆ ಇದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ನಿಮಗೆ 35 ದಿನಕ್ಕೊಮ್ಮೆ ಆಗುತ್ತಿದ್ದರೆ ಅಂಡ ಬಿಡುಗಡೆಯಾಗುವುದೇ ಸುಮಾರು ಒಂದು ವಾರ ತಡ, ಅಲ್ವಾ? ಆಗ ನಿಜವಾದ ದಿನ ಅಕ್ಟೋಬರ್ 15ರ ಹತ್ತಿರ. ಇದನ್ನು ಗಮನಿಸದಿದ್ದರೆ ದಿನ ಮೀರಿತು ಅಂತ ಸುಮ್ನೆ ಗಾಬರಿ.

ಮೊದಲ ಮೂರು ತಿಂಗಳ ಸ್ಕ್ಯಾನ್ ಮಗುವಿನ ಉದ್ದವನ್ನೇ ಅಳೆಯುತ್ತದೆ. 9ರಿಂದ 13 ವಾರದೊಳಗೆ ಎರಡು ದಿನಾಂಕಗಳ ನಡುವೆ 7 ದಿನಕ್ಕಿಂತ ಜಾಸ್ತಿ ಅಂತರ ಬಂದರೆ ಸಾಮಾನ್ಯವಾಗಿ ಸ್ಕ್ಯಾನಿನ ದಿನಾಂಕವನ್ನೇ ಹಿಡಿಯುತ್ತಾರೆ. ಮುಟ್ಟು ಏರುಪೇರಿದ್ದವರು, ತಾರೀಖು ಮರೆತವರು ಇದನ್ನೇ ನಂಬುವುದು ಒಳ್ಳೆಯದು. ಎಂಟನೇ ತಿಂಗಳ ಸ್ಕ್ಯಾನ್ ನೋಡಿ ಮಾತ್ರ ದಿನಾಂಕ ಬದಲಿಸಿಕೊಳ್ಳಬೇಡಿ. ಅಷ್ಟರಲ್ಲಿ ಒಂದೊಂದು ಮಗು ಒಂದೊಂದು ಗಾತ್ರಕ್ಕೆ ಬೆಳೆದಿರುತ್ತದೆ.