ನಡೆದರೆ ಕಾಲು ಭಾರ: ವ್ಯಾಯಾಮವೋ, ಶಸ್ತ್ರಚಿಕಿತ್ಸೆಯೋ?

72ರ ಹಿರಿಯರೊಬ್ಬರಿಗೆ 200 ಮೀಟರ್ ನಡೆದರೆ ಕಾಲು ಭಾರ, ಕೂತರೆ ಹಗುರ ಎಂದುಕೊಳ್ಳಿ. ಸುಮ್ಮನೆ ನಿಂತರೂ ಹಗುರವಾದರೆ ಮೊದಲು ಕಾಲಿನ ರಕ್ತನಾಳ ಪರೀಕ್ಷಿಸಬೇಕು. ಕೂತರೆ ಅಥವಾ ಬಾಗಿದರೆ ಮಾತ್ರ ಹಗುರವಾದರೆ ಬೆನ್ನುಮೂಳೆಯೊಳಗೆ ನರಗಳು ಸಾಗುವ ನಾಳ ಕಿರಿದಾಗಿರುವ ಸಾಧ್ಯತೆ ಹೆಚ್ಚು.

ಮುಂದಕ್ಕೆ ಬಾಗಿದಾಗ ಆ ನಾಳ ತುಸು ಅಗಲವಾಗುತ್ತದೆ. ಹಾಗಾಗಿ ಬಾಗುವ ವ್ಯಾಯಾಮ, ಕೂತು ತುಳಿಯುವ ವ್ಯಾಯಾಮದ ಸೈಕಲ್ ಹಿತ. ಇಕ್ಕಟ್ಟು ಹೋಗುವುದಿಲ್ಲ, ಆದರೆ ಎಷ್ಟೋ ಜನರ ಸ್ಥಿತಿ ವರ್ಷಗಟ್ಟಲೆ ಹದಗೆಡುವುದೂ ಇಲ್ಲ. ನನ್ನ ಮಟ್ಟಿಗೆ, ಮೊದಲು ಮೂರು ತಿಂಗಳು ಇದನ್ನೇ ಮಾಡಬೇಕು.

ಶಸ್ತ್ರಚಿಕಿತ್ಸೆಯಲ್ಲಿ ನರ ಒತ್ತುವ ಮೂಳೆ, ದಪ್ಪಗಾದ ಅಸ್ಥಿರಜ್ಜು ತೆಗೆಯುತ್ತಾರೆ. ನಡಿಗೆ ಸುಧಾರಿಸುವುದು ಹೆಚ್ಚು, ಬೆನ್ನುನೋವು ಉಳಿಯಬಹುದು. ಮನೆಯೊಳಗಿನ ಓಡಾಟವೂ ಕಷ್ಟವಾದಾಗ ಇದು ಸರಿ.

ಪಾದ ಸೋತರೆ, ಮೂತ್ರದ ಹಿಡಿತ ತಪ್ಪಿದರೆ, ಗುದದ ಸುತ್ತ ಮರಗಟ್ಟಿದರೆ ಆಯ್ಕೆಗೆ ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.