ಹಳೆಯ ಬ್ಯಾಂಡ್ ಬಿಡುವಾಗ: ಆಪ್ ತೆಗೆದರೆ ಸಾಕೇ, ಖಾತೆಯನ್ನೇ ಅಳಿಸಬೇಕೇ?

ಮೂರು ವರ್ಷ ಕೈಯಲ್ಲಿದ್ದ ಫಿಟ್‌ನೆಸ್ ಬ್ಯಾಂಡನ್ನು ಅಕ್ಕನ ಮಗನಿಗೆ ಕೊಟ್ಟು, ನಾನು ಬೇರೆ ಕಂಪನಿಯದನ್ನು ಕೊಂಡೆ. ಹಳೆಯದರಲ್ಲಿ ಬರೀ ಹೆಜ್ಜೆಗಳ ಲೆಕ್ಕವಿರಲಿಲ್ಲ. ನನ್ನ ಮುಟ್ಟಿನ ದಿನಾಂಕಗಳಿದ್ದವು, ಬೆಳಗಿನ ನಡಿಗೆಯ ನಕ್ಷೆಗಳಿದ್ದವು. ಆ ನಕ್ಷೆಗಳಲ್ಲಿ ಪ್ರತಿದಿನವೂ ಗೆರೆ ಶುರುವಾಗುವುದು ನಮ್ಮ ಮನೆಯ ಗೇಟಿನಿಂದಲೇ. ಇವು ಯಾರದೋ ಸರ್ವರ್‌ನಲ್ಲಿ ಉಳಿಯುವುದು ನನಗೆ ಬೇಡವಾಗಿತ್ತು. ಅಳಿಸಲು ಇದ್ದ ಮೂರು ದಾರಿಗಳನ್ನೂ ಒಂದಾದ ಮೇಲೊಂದರಂತೆ ಮಾಡಿ ನೋಡಿದೆ.

ಮೊದಲನೆಯದು ಎಲ್ಲರೂ ಮಾಡುವಂಥದ್ದು: ಫೋನಿನಿಂದ ಆಪ್ ತೆಗೆದುಹಾಕುವುದು. ಅರ್ಧ ನಿಮಿಷದ ಕೆಲಸ. ಆದರೆ ಪರೀಕ್ಷೆಗೆಂದು ಮಾರನೆಯ ದಿನ ಅದೇ ಆಪ್ ಹಾಕಿಕೊಂಡು ಲಾಗಿನ್ ಆದಾಗ ಮೂರು ವರ್ಷದ ನಿದ್ದೆಯ ಗ್ರಾಫ್ ಪೂರ್ತಿಯಾಗಿ ಮರಳಿ ಬಂತು. ಹೋಗಿದ್ದು ಫೋನಿನಲ್ಲಿದ್ದ ಪ್ರತಿ ಮಾತ್ರ. ಅಷ್ಟೇ ಅಲ್ಲ, ಬ್ಯಾಂಡ್ ಇನ್ನೂ ನನ್ನ ಖಾತೆಗೇ ಅಂಟಿಕೊಂಡಿತ್ತು. ಹುಡುಗ ಫೋನ್ ಮಾಡಿ, "ಚಿಕ್ಕಮ್ಮ, ಇದು ಬೇರೆಯವರ ಖಾತೆಗೆ ಜೋಡಣೆಯಾಗಿದೆ ಎಂದು ತೋರಿಸುತ್ತಿದೆ" ಎಂದ. ಕೆಲವು ಬ್ಯಾಂಡ್‌ಗಳು ಹೀಗೆಯೇ: ಹಳೆಯ ಖಾತೆಯಿಂದ ಬಿಡಿಸದ ಹೊರತು ಇನ್ನೊಂದು ಖಾತೆಗೆ ಸೇರುವುದಿಲ್ಲ.

ಎರಡನೆಯದು, ಆಪ್‌ನಲ್ಲಿ ಬ್ಯಾಂಡಿನ ಜೋಡಣೆ ಬಿಡಿಸಿ, ಬ್ಯಾಂಡನ್ನು ರೀಸೆಟ್ ಮಾಡುವುದು. ಈ ಎರಡೂ ಒಂದೇ ಅಲ್ಲ. ಬ್ಯಾಂಡಿನ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಒತ್ತಿದರೆ ಅದರ ಒಳಗಿನ ನೆನಪು ಖಾಲಿಯಾಗುತ್ತದೆ, ಖಾತೆಯ ಕಡೆಯ ಗಂಟು ಬಿಚ್ಚುವುದು ಆಪ್‌ನಿಂದ ಬಿಡಿಸಿದಾಗ. ಫೋನಿನ ಬ್ಲೂಟೂತ್ ಪಟ್ಟಿಯಿಂದ ಹೆಸರು ತೆಗೆದರೂ ಆ ಗಂಟು ಹಾಗೆಯೇ ಇರುತ್ತದೆ. ಬ್ಯಾಂಡನ್ನು ತರಿಸಿಕೊಂಡು ಹೀಗೆ ಮಾಡಿದ ಮೇಲೆ ಹುಡುಗನ ಫೋನಿಗೆ ಅದು ಸಲೀಸಾಗಿ ಸೇರಿತು. ನನ್ನ ಆಪ್‌ನಲ್ಲಿ ಮಾತ್ರ ಒಂದು ದಿನದ ಲೆಕ್ಕವೂ ಕಡಿಮೆಯಾಗಿರಲಿಲ್ಲ. ಬ್ಯಾಂಡನ್ನು ಕೊಡುವುದಕ್ಕೆ, ಮಾರುವುದಕ್ಕೆ ಈ ದಾರಿ ಬೇಕೇ ಬೇಕು, ದತ್ತಾಂಶ ಅಳಿಸುವುದಕ್ಕೆ ಇದು ದಾರಿಯೇ ಅಲ್ಲ.

ಮೂರನೆಯದು ಖಾತೆಯನ್ನು ಅಳಿಸುವುದು. ಸರ್ವರ್‌ವರೆಗೆ ಮುಟ್ಟಿದ್ದು ಇದೊಂದೇ, ಅದಕ್ಕೇ ನನ್ನ ಮತ ಇದಕ್ಕೆ. ಆದರೆ ಅವಸರ ಸಲ್ಲದು. ಮೊದಲು ದತ್ತಾಂಶದ ಪ್ರತಿಗೆ ಕೋರಿಕೆ ಸಲ್ಲಿಸಿದೆ. ಗುಪ್ತಪದ ಹಾಕಿದ ಜಿಪ್ ಕಡತವೊಂದು ಇಮೇಲ್‌ಗೆ ಬಂತು, ಒಳಗೆ ಹೆಜ್ಜೆ, ನಿದ್ದೆ, ನಾಡಿಬಡಿತಕ್ಕೆ ಬೇರೆ ಬೇರೆ ಸಿಎಸ್‌ವಿ ಕಡತಗಳು. ಅದನ್ನು ಕಂಪ್ಯೂಟರಿನಲ್ಲಿ ಬಿಚ್ಚಿ, ಮೊದಲ ಮತ್ತು ಕೊನೆಯ ಸಾಲಿನ ದಿನಾಂಕ ನೋಡಿ, ನಡುವೆ ಏನೂ ಬಿಟ್ಟುಹೋಗಿಲ್ಲ ಎಂದು ಖಚಿತವಾದ ಮೇಲಷ್ಟೇ ಅಳಿಸುವ ಗುಂಡಿ ಒತ್ತಿದೆ.

ಇಲ್ಲಿ ಇನ್ನೊಂದು ಎಚ್ಚರಿಕೆ. ಯಾವ ಖಾತೆ ಅಳಿಸುತ್ತಿದ್ದೀರಿ ಎಂಬುದನ್ನು ಎರಡು ಸಲ ಓದಿಕೊಳ್ಳಿ. ಫಿಟ್‌ಬಿಟ್‌ಗೆ ಗೂಗಲ್ ಖಾತೆಯಿಂದ ಲಾಗಿನ್ ಆಗಿದ್ದವರು ಅಳಿಸಬೇಕಾದದ್ದು ಆ ಖಾತೆಯೊಳಗಿನ ಫಿಟ್‌ಬಿಟ್ ಸೇವೆಯನ್ನು ಮಾತ್ರ, ಗೂಗಲ್ ಖಾತೆಯನ್ನೇ ಅಳಿಸಿದರೆ ಜಿಮೇಲ್ ಮತ್ತು ಫೋಟೊಗಳೂ ಹೋಗುತ್ತವೆ. ಅಳಿಸಿದ್ದೆಲ್ಲ ಆ ಕ್ಷಣವೇ ಮಾಯವಾಗುವುದೂ ಇಲ್ಲ. ಫಿಟ್‌ಬಿಟ್ ಹೇಳಿಕೊಂಡಿರುವಂತೆ ಹೆಚ್ಚಿನ ಮಾಹಿತಿ 30 ದಿನದೊಳಗೆ ಅಳಿಯುತ್ತದೆ, ಬ್ಯಾಕಪ್‌ನಲ್ಲಿರುವುದಕ್ಕೆ 90 ದಿನದವರೆಗೂ ಹಿಡಿಯಬಹುದು.

ಇಷ್ಟಾದ ಮೇಲೆ ಹೊಸ ಬ್ಯಾಂಡಿನ ಆಪ್ ತೆರೆದೆ. ಅದನ್ನು ಕೊಂಡು ಒಂದು ದಿನವೂ ಆಗಿರಲಿಲ್ಲ, ಆದರೂ ಹಿಂದಿನ ತಿಂಗಳ ಹೆಜ್ಜೆಗಳೆಲ್ಲ ಅಲ್ಲಿ ಕೂತಿದ್ದವು! ಮೂರು ದಾರಿಗಳಲ್ಲಿ ಒಂದೂ ತಲುಪದ ಜಾಗ ಇದು: ಆಂಡ್ರಾಯ್ಡ್‌ನ ಹೆಲ್ತ್ ಕನೆಕ್ಟ್. ಹಳೆಯ ಆಪ್ ತನ್ನ ಲೆಕ್ಕದ ನಕಲನ್ನು ಫೋನಿನೊಳಗಿನ ಈ ಉಗ್ರಾಣಕ್ಕೂ ತುಂಬಿತ್ತು. ಹೊಸ ಆಪ್‌ಗೆ ಓದುವ ಅನುಮತಿ ಕೊಟ್ಟೊಡನೆ ಅದು ಅಲ್ಲಿಂದ ಎತ್ತಿಕೊಂಡಿತು. ಸಾಮಾನ್ಯವಾಗಿ ಅನುಮತಿ ಕೊಟ್ಟ ದಿನದಿಂದ ಹಿಂದಿನ 30 ದಿನದ್ದನ್ನು ಮಾತ್ರ ಓದಲು ಬಿಡುತ್ತದೆ, ಅದಕ್ಕೇ ಮೂರು ವರ್ಷದ್ದು ಬರದೆ ಒಂದು ತಿಂಗಳದ್ದು ಬಂದಿತ್ತು.

ಹಳೆಯ ಆಪ್ ಫೋನಿನಲ್ಲಿ ಇರುವಾಗಲೇ ಹೆಲ್ತ್ ಕನೆಕ್ಟ್ ತೆರೆದು ಅದರ ಅನುಮತಿಗಳನ್ನು ತೆಗೆಯುವುದು ಸುಲಭ. ಆಗ ಆ ಆಪ್ ಬರೆದದ್ದನ್ನೂ ಅಳಿಸಬೇಕೇ ಎಂದು ಒಂದು ಚೌಕ ತೋರಿಸುತ್ತದೆ, ಅದಕ್ಕೆ ಗುರುತು ಹಾಕಬೇಕು. ನಾನು ಆಪ್ ತೆಗೆದುಬಿಟ್ಟಿದ್ದರಿಂದ ದತ್ತಾಂಶದ ಪಟ್ಟಿಗೇ ಹೋಗಿ ಹೆಜ್ಜೆ, ನಿದ್ದೆ, ನಾಡಿಬಡಿತ, ಮುಟ್ಟು ಎಂದು ಒಂದೊಂದಾಗಿ ಅಳಿಸಬೇಕಾಯಿತು. ಐಫೋನಿನ ಹೆಲ್ತ್ ಆಪ್ ಕೂಡ ಇಂಥದ್ದೇ ಉಗ್ರಾಣ, ಅಲ್ಲಿಯೂ ಆಪ್‌ಗಳ ಪಟ್ಟಿಯಲ್ಲಿ ಹಳೆಯದನ್ನು ಆರಿಸಿ ಅದರ ದತ್ತಾಂಶವನ್ನೆಲ್ಲ ಅಳಿಸಬಹುದು.

ಕೊನೆಗೆ ಹಳೆಯ ಆಪ್ ಇನ್ನೊಮ್ಮೆ ಹಾಕಿ, ಅದೇ ಇಮೇಲ್ ಕೊಟ್ಟು ನೋಡಿದೆ. ಅಂಥ ಖಾತೆ ಇಲ್ಲ ಎಂದಿತು. ಹೊಸ ಖಾತೆ ತೆರೆಯುವ ಪುಟದಲ್ಲಿ ಎತ್ತರ, ತೂಕ, ಹುಟ್ಟಿದ ದಿನದ ಖಾನೆಗಳು ಖಾಲಿ ಇದ್ದವು. ಅವನ್ನು ತುಂಬದೆ ಆಪ್ ತೆಗೆದುಹಾಕಿದೆ.